ಸಣ್ಣ ಕಥೆ: ಬಿಳಿ ತೋಳು (ಓದಿ, ತಪ್ಪಿದ್ದರೆ ಹೇಳಿ)

ಗಿರಿಜಾ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಕಥೆ ಬರೆದಿದ್ದೇನೆ. ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು ನಾನು. ಆಟೋದಲ್ಲಿ ಹಿಂದಿನ ಸೀಟಿನಲ್ಲಿ ಕೂತು ಗೊತ್ತೇ ಹೊರತು ಮುಂದಿನ ಸೀಟಿನ ಕಷ್ಟ ಗೊತ್ತಿಲ್ಲ. ಪೊಲೀಸರ ಕೆಲಸವಂತೂ ಇನ್ನೂ ದೂರ. ಆ ಕೆಲಸ ಗೊತ್ತಿರುವವರು ಇಲ್ಲಿದ್ದರೆ ಕಥೆಯಲ್ಲಿ ಎಲ್ಲಿ ಎಡವಿದ್ದೇನೆ ಅಂತ ತಿಳಿಸಿ.

"ಸೈಡಿಗೆ ಹಾಕಪ್ಪಾ, ಸೈಡಿಗೆ."

ರಂಗಣ್ಣ ಆಟೋವನ್ನು ಫುಟ್‌ಪಾತಿನ ಅಂಚಿಗೆ ತಂದು ನಿಲ್ಲಿಸಿದ. ಮೀಟರ್ 72 ತೋರಿಸುತ್ತಿತ್ತು. ಹಿಂದೆ ಕೂತಿದ್ದ ಅಜ್ಜಿ ಕನಕಾಂಬರದ ಬುಟ್ಟಿಯನ್ನು ತೊಡೆಯ ಮೇಲೆ ಏರಿಸಿಕೊಂಡರು.

ಹೆಗಲ ಮೇಲೆ ಮೂರು ನಕ್ಷತ್ರವಿದ್ದ ಎ.ಎಸ್.ಐ. ಶಿವಲಿಂಗಯ್ಯ ಕೈಯಲ್ಲಿದ್ದ ಮಿಷನ್ನಿಗೆ ಗಾಡಿ ನಂಬರ್ ಒತ್ತಿದರು.

"ಎರಡು ಕೇಸ್ ಬಾಕಿ ಇದೆ. ಎರಡೂ ಸಿಗ್ನಲ್ ಜಂಪ್. ಒಂದೊಂದಕ್ಕೆ ಐನೂರು."

"ಗೊತ್ತು ಸಾರ್. ಮೊಬೈಲಿಗೆ ಮೆಸೇಜ್ ಬಂದಿತ್ತು. ಮೊದಲನೇದು ನಂದೇ ತಪ್ಪು. ಕಟ್ಟುತ್ತೀನಿ. ಎರಡನೇದು ಕಟ್ಟಲ್ಲ."

"ಯಾಕೆ, ಎರಡನೇ ಸಲ ಗಾಡಿ ಓಡಿಸಿದ್ದು ನಿಮ್ಮ ಭಾವನಾ?"

"ನಾನೇ ಸಾರ್. ಆದರೆ ಅವತ್ತು ಸರ್ಕಲ್ ಮಧ್ಯೆ ನಿಮ್ಮವರು ನಿಂತಿದ್ದರು. ಆಂಬುಲೆನ್ಸ್ ಬರ್ತಾ ಇತ್ತು. ಲೈಟು ಕೆಂಪಿತ್ತು, ನಿಜ. ಅವರು ಕೈಯಲ್ಲಿ ಬಾ ಬಾ ಅಂದರು, ನಾನು ಬಂದೆ. ಬರದೇ ಇದ್ದಿದ್ದರೆ ಬೈತಿದ್ದರು. ಬಂದಿದ್ದಕ್ಕೆ ಕ್ಯಾಮೆರಾ ಫೋಟೋ ಹೊಡೀತು."

"ಎಲ್ಲರೂ ಹೀಗೇ ಹೇಳ್ತಾರೆ."

"ಎಲ್ಲರದ್ದೂ ನಂಗೊತ್ತಿಲ್ಲ ಸಾರ್. ಫೋಟೋ ತೆಗೆದು ನೋಡಿ."

ಶಿವಲಿಂಗಯ್ಯ ನಿಟ್ಟುಸಿರು ಬಿಟ್ಟು ತಮ್ಮ ಮೊಬೈಲ್ ತೆಗೆದರು. ಫೋಟೋ ಬಂತು. ಆಟೋದ ಹಿಂಭಾಗ, ನಂಬರ್ ಪ್ಲೇಟು, ಮೇಲೆ ಕೆಂಪು ದೀಪ. ಬೆರಳಲ್ಲಿ ಹಿಗ್ಗಿಸಿದರು. ಬಲಗಡೆ ಮೂಲೆಯಲ್ಲಿ ಒಂದು ತೋಳು. ಬಿಳಿ ಅಂಗಿ, ಮೊಣಕೈವರೆಗೆ. ಅಂಗೈ ಒಳಗೆ ಮಡಚಿತ್ತು, ಕರೆಯುವ ಹಾಗೆ. ಮಣಿಕಟ್ಟಿನಲ್ಲಿ ಸ್ಟೀಲ್ ಪಟ್ಟಿಯ ವಾಚು.

ಶಿವಲಿಂಗಯ್ಯ ತಮ್ಮ ಕೈ ನೋಡಿಕೊಂಡರು. ಅದೇ ವಾಚು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಜ್ಜಿ ಹೇಳಿದರು, "ಹೂ ಬಾಡ್ತದೆ ಕಣಪ್ಪ. ಇಬ್ಬರೂ ಬೇಗ ಮುಗಿಸ್ಕೊಳ್ಳಿ."

ಎ.ಎಸ್.ಐ. ಜೇಬಿಗೆ ಕೈ ಹಾಕಿ ಐನೂರರ ನೋಟು ತೆಗೆದರು. "ನಿಂದು ಒಂದು ಕಟ್ಟು. ಇನ್ನೊಂದು ನಂದು," ಅಂದರು. ಎರಡು ರಸೀದಿ ಹೊರಬಂತು.

ಇಷ್ಟೇ ಕಥೆ.

ಮಲೆನಾಡಿಗ

ಮೇಡಂ, ಮಾತುಕತೆ ಚೆನ್ನಾಗಿ ಬಂದಿದೆ. ಅಜ್ಜಿ ತುಂಬಾ ಇಷ್ಟವಾದರು. ವಾಚು ಮಾತ್ರ ನಂಬಲಾಗಲಿಲ್ಲ. ಇಷ್ಟು ದೊಡ್ಡ ಊರಲ್ಲಿ ಕೈ ತೋರಿಸಿದವರೇ ಬಂದು ಹಿಡಿಯಬೇಕಾ? ಆ ತೋಳು ಯಾರದ್ದೋ ಗೊತ್ತಾಗದಿದ್ದರೆ ಕಥೆ ಇನ್ನೂ ಚೆನ್ನಾಗಿರುತ್ತಿತ್ತು. ಆಗ ಶಿವಲಿಂಗಯ್ಯನವರಿಗೆ ನಾಚಿಕೆಪಡುವ ಕಾರಣ ಇರುವುದಿಲ್ಲ. ಆದರೂ ಏನಾದರೂ ಮಾಡಬೇಕಾಗುತ್ತದೆ.

ಆಟೋ ಮಂಜ

22 ವರ್ಷದಿಂದ ಆಟೋ ಓಡಿಸ್ತಾ ಇದೀನಿ ಮೇಡಂ. ಕಥೆ ಓದಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕೈ ತೋರಿಸಿ ಕರೆದು, ಆಮೇಲೆ ಕೇಸ್ ಬಂದಿದ್ದು ನಮ್ಮಲ್ಲಿ ಇಬ್ಬರಿಗೆ ಆಗಿದೆ.

ಒಂದು ತಪ್ಪಿದೆ. ರಂಗಣ್ಣನ ಆಟೋ ಸ್ವಂತದ್ದೋ ಬಾಡಿಗೆಯದ್ದೋ ನೀವು ಹೇಳಿಲ್ಲ. ಕ್ಯಾಮೆರಾ ಕೇಸು ಗಾಡಿ ಯಾರ ಹೆಸರಲ್ಲಿದೆಯೋ ಅವರಿಗೆ ಹೋಗುತ್ತೆ. ಆರ್.ಸಿ.ಯಲ್ಲಿ ಇರೋ ಮೊಬೈಲಿಗೆ ಮೆಸೇಜು. ನಮ್ಮಲ್ಲಿ ತುಂಬಾ ಜನ ದಿನ ಬಾಡಿಗೆಗೆ ಓಡಿಸೋರು. ಅವರಿಗೆ ಗೊತ್ತಾಗೋದೇ ಮಾಲೀಕ ಸಾಯಂಕಾಲ "ಲೋ, ಐನೂರು ಬಂದಿದೆ ನೋಡು" ಅಂದಾಗ. ಅಷ್ಟರಲ್ಲಿ ಅವತ್ತು ಯಾವ ಸರ್ಕಲ್ಲು, ಯಾರು ಕೈ ತೋರಿಸಿದ್ದು ಎಲ್ಲಾ ಮರೆತು ಹೋಗಿರುತ್ತೆ. ಬೆಳಗ್ಗೆಯಿಂದ ಎಷ್ಟು ಸಿಗ್ನಲ್ ದಾಟಿರ್ತೀವಿ ಹೇಳಿ?

ರಂಗಣ್ಣಂಗೆ ಅಷ್ಟು ಚೆನ್ನಾಗಿ ನೆನಪಿದೆ ಅಂದರೆ ಗಾಡಿ ಸ್ವಂತದ್ದೇ ಇರಬೇಕು. ಒಂದು ಸಾಲು ಸೇರಿಸಿಬಿಡಿ.

ವಿನಯ್ ಎಸ್.

ಕಾನೂನು ಗೊತ್ತಿದ್ದರೆ ಈ ಕಥೆ ಮೊದಲ ಸಾಲಿಗೇ ಮುಗಿಯುತ್ತದೆ. ದಂಡ ಹಾಕುವ ಅಧಿಕಾರ ಎ.ಎಸ್.ಐ. ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರ. ಕಾನ್‌ಸ್ಟೇಬಲ್ ನಿಲ್ಲಿಸಿದರೆ ನಿಲ್ಲಿಸಲೇಬೇಕಾಗಿಲ್ಲ, ಲೈಸೆನ್ಸೂ ತೋರಿಸಬೇಕಾಗಿಲ್ಲ. ಇನ್ನೊಂದು ವಿಷಯ. 2021ರ ನಿಯಮದ ಪ್ರಕಾರ ಕ್ಯಾಮೆರಾ ಕೇಸಿನ ನೋಟಿಸ್ 15 ದಿನದೊಳಗೆ ಬರಬೇಕು. ಬರದಿದ್ದರೆ ಕೇಸು ತಾನಾಗಿ ಬಿದ್ದುಹೋಗುತ್ತದೆ. ರಂಗಣ್ಣ ತಾರೀಖು ಕೇಳಿದ್ದರೆ ಸಾಕಿತ್ತು.

ಹಳೇ ಸೀಟಿ

ವಿನಯ್ ಅವರೇ, ಅರ್ಧ ಸರಿ ಹೇಳಿದಿರಿ. ಉಳಿದ ಅರ್ಧ ನಂಬಿಕೊಂಡು ಯಾರಾದರೂ ರಸ್ತೆಗಿಳಿದರೆ ಕಷ್ಟ. ನಾನು ಟ್ರಾಫಿಕ್‌ನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು ನಿವೃತ್ತನಾದವನು. ಬಿಸಿಲಲ್ಲಿ ನಿಂತು ನಿಂತು ಮಂಡಿ ಹೋಗಿದೆ, ನೆನಪು ಹೋಗಿಲ್ಲ.

ಸ್ಥಳದಲ್ಲಿ ದಂಡ ಕಟ್ಟಿಸಿಕೊಳ್ಳೋದು ಎ.ಎಸ್.ಐ. ಮತ್ತು ಮೇಲಿನವರು, ಅದು ಸರಿ. ಆದರೆ ಸಮವಸ್ತ್ರದಲ್ಲಿರುವ ಯಾವ ಪೊಲೀಸ್ ಕೇಳಿದರೂ ಲೈಸೆನ್ಸ್ ತೋರಿಸಬೇಕು. ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಅದನ್ನೇ ಹೇಳುತ್ತೆ. ಅಲ್ಲಿ ದರ್ಜೆಯ ಮಾತಿಲ್ಲ. ಇನ್ನು ಹದಿನೈದು ದಿನ. ಅಷ್ಟರಲ್ಲಿ ನೋಟಿಸ್ ಕಳಿಸಬೇಕು ಅಂತ ನಿಯಮ ಇದೆ. ಕಳಿಸದಿದ್ದರೆ ಕೇಸು ತಾನಾಗಿ ಬಿದ್ದುಹೋಗುತ್ತೆ ಅಂತ ಅದರಲ್ಲಿ ಬರೆದಿಲ್ಲ. ತಡವಾಯಿತು ಅಂತ ನೀವೇ ಹೋಗಿ ವಾದ ಮಾಡಬೇಕು. ಅದೇ ನಿಯಮದ ಇನ್ನೊಂದು ಸಾಲು ನೀವು ಬಿಟ್ಟಿರಿ, ರಂಗಣ್ಣನಿಗೆ ನಿಜವಾಗಿ ಬೇಕಾದ್ದು ಅದೇ. ಕೇಸು ಮುಗಿಯುವ ತನಕ ಕ್ಯಾಮೆರಾದ ದಾಖಲೆ ಇಟ್ಟುಕೊಂಡಿರಬೇಕು. ಅಂದರೆ ಆ ಬಿಳಿ ತೋಳು ಎಲ್ಲೂ ಓಡಿಹೋಗಲ್ಲ.

ಮೇಡಂ, ಈಗ ನಿಮ್ಮ ಕಥೆಗೆ ಬರ್ತೀನಿ. ಮೂರು ನಕ್ಷತ್ರ ಇದ್ದರೆ ಅವರು ಇನ್‌ಸ್ಪೆಕ್ಟರ್. ಎ.ಎಸ್.ಐ.ಗೆ ಒಂದೇ ನಕ್ಷತ್ರ, ಹೆಗಲ ಪಟ್ಟಿಯ ತುದಿಯಲ್ಲಿ ಕೆಂಪು ನೀಲಿ ರಿಬ್ಬನ್. ಇದು ಚಿಕ್ಕ ತಪ್ಪು. ದೊಡ್ಡದು ಇನ್ನೊಂದಿದೆ, ಊಟ ಮಾಡಿ ಬಂದು ಬರೀತೀನಿ.

ಸುಮಾ ಆರ್.

ನನ್ನದೂ ಇದೇ ಥರ! ನನ್ನ ಸ್ಕೂಟರ್ ಮನೆ ಕಾಂಪೌಂಡಿನಲ್ಲಿತ್ತು. ಹೆಲ್ಮೆಟ್ ಇಲ್ಲ ಅಂತ ಕೇಸ್ ಬಂತು. ಫೋಟೋ ತೆಗೆದು ನೋಡಿದರೆ ಯಾರೋ ಹುಡುಗ, ಬೇರೆ ಬಣ್ಣದ ಗಾಡಿ. ಅವನ ಪ್ಲೇಟಿನಲ್ಲಿ 8 ಇರುವ ಕಡೆ ನನ್ನದರಲ್ಲಿ 3. ಪ್ಲೇಟಿಗೆ ಮಣ್ಣು ಮೆತ್ತಿತ್ತು. ನನ್ನ ಗಾಡಿಯ ಫೋಟೋ, ಆರ್.ಸಿ. ಎರಡನ್ನೂ ಸೇರಿಸಿ ಮೇಲ್ ಕಳಿಸಿದೆ. ಕೆಲವು ದಿನ ಬಿಟ್ಟು ನೋಡಿದರೆ ಕೇಸ್ ತೆಗೆದಿದ್ದರು. ಒಂದು ರೂಪಾಯಿ ಖರ್ಚಾಗಲಿಲ್ಲ. ರಂಗಣ್ಣನೂ ಹಾಗೇ ಒಂದು ಮೇಲ್ ಹಾಕಬಹುದಿತ್ತು ಅಲ್ವಾ? ರಸ್ತೆಯಲ್ಲಿ ಜಗಳ ಯಾಕೆ?

ಆಟೋ ಮಂಜ

ಮೇಡಂ, ನಿಮ್ಮದು ಗಾಡಿಯೇ ಬೇರೆ. ಕಣ್ಣಿಗೆ ಕಾಣುತ್ತೆ. ರಂಗಣ್ಣಂದು ಹಾಗಲ್ಲ. ಗಾಡಿ ಅವಂದೇ, ನಂಬರ್ ಅವಂದೇ, ಲೈಟೂ ಕೆಂಪೇ. ಫೋಟೋದಲ್ಲಿ ಇರೋದೆಲ್ಲಾ ನಿಜ. ಯಾಕೆ ಬಂದ ಅನ್ನೋದು ಮಾತ್ರ ಫೋಟೋದಲ್ಲಿ ಇಲ್ಲ.

ಗಿರಿಜಾ, ಬಸವನಗುಡಿ

ಮಂಜ ಅವರೇ, ಈ ಮಾತನ್ನು ಕಥೆಯಲ್ಲಿ ರಂಗಣ್ಣನ ಬಾಯಲ್ಲಿ ಹಾಕಿಕೊಳ್ಳಲಾ?

ಆಟೋ ಮಂಜ

ಹಾಕ್ಕೊಳ್ಳಿ ಮೇಡಂ. ಬಾಡಿಗೆ ಬೇಡ.

ಹಳೇ ಸೀಟಿ

ಊಟ ಆಯ್ತು.

ಮೊದಲು ಆ ಕೈ ಸನ್ನೆಯ ವಿಷಯ. ಸರ್ಕಲ್‌ನಲ್ಲಿ ನಿಂತ ಪೊಲೀಸರ ಕೈ ಮತ್ತು ಸಿಗ್ನಲ್ ದೀಪ ಬೇರೆ ಬೇರೆ ಹೇಳಿದರೆ ಕೈಯನ್ನೇ ಕೇಳಬೇಕು. ಆ ಮಟ್ಟಿಗೆ ರಂಗಣ್ಣ ಮಾಡಿದ್ದು ಸರಿ. ಹಾಗಾದರೆ ದೀಪ ಯಾಕೆ ಕೆಂಪು ಇತ್ತು ಅಂತ ಕೇಳಬಹುದು. ಸರ್ಕಲ್ ಮೂಲೆಯಲ್ಲಿ ಸಿಗ್ನಲ್ ಪೆಟ್ಟಿಗೆ ಇರುತ್ತೆ. ಅದನ್ನು ಮ್ಯಾನುಯಲ್‌ಗೆ ಹಾಕಿ ಬಟನ್ ಒತ್ತಿದರೆ ದೀಪವೂ ನಮ್ಮ ಮಾತು ಕೇಳುತ್ತೆ. ಆಗ ಯಾರಿಗೂ ತೊಂದರೆ ಇಲ್ಲ. ಆದರೆ ಆಂಬುಲೆನ್ಸ್ ಹಾರ್ನ್ ಕೇಳಿಸುವಾಗ ನಾವು ಸರ್ಕಲ್ ಮಧ್ಯೆ ಇರ್ತೀವಿ, ಪೆಟ್ಟಿಗೆ ಆ ಕಡೆ ಮೂಲೆಯಲ್ಲಿರುತ್ತೆ. ಅಲ್ಲಿಗೆ ಓಡೋದಾ, ಆಂಬುಲೆನ್ಸ್ ಮುಂದೆ ನಿಂತ ಗಾಡಿಗಳನ್ನು ಎಳೆಯೋದಾ? ಕೈಯಲ್ಲೇ ಎಳೀತೀವಿ. ದೀಪ ಅದರ ಪಾಡಿಗೆ ಕೆಂಪಾಗಿರುತ್ತೆ. ಕ್ಯಾಮೆರಾ ನೋಡೋದು ದೀಪವನ್ನು ಮತ್ತು ಗೆರೆಯನ್ನು. ನಾನು ಬೀಸಿದ ಕೈ ಅದಕ್ಕೆ ಲೆಕ್ಕಕ್ಕಿಲ್ಲ.

ಹಾಗಾಗಿ ಮೇಡಂ ಬರೆದ ಘಟನೆ ನಡೆಯುವಂಥದ್ದೇ. ಅದರಲ್ಲಿ ಕೊಂಕಿಲ್ಲ.

ಈಗ ದೊಡ್ಡ ತಪ್ಪು. ಶಿವಲಿಂಗಯ್ಯ ದುಡ್ಡು ಕಟ್ಟಿದ್ದು. ಓದಲು ಕಣ್ಣು ಒದ್ದೆಯಾಗುತ್ತೆ, ಆದರೆ ರಂಗಣ್ಣನಿಗೆ ಅದರಿಂದ ಉಪಕಾರ ಆಗಲಿಲ್ಲ. ದಂಡ ಕಟ್ಟಿದರೆ ಏನರ್ಥ? ತಪ್ಪು ಒಪ್ಪಿ ಕೇಸು ಮುಗಿಸಿಕೊಂಡ ಅಂತ. ದುಡ್ಡು ಯಾರ ಜೇಬಿನದ್ದು ಅಂತ ರಸೀದಿಯಲ್ಲಿ ಬರೆಯಲ್ಲ. ನಾಳೆ ಯಾರಾದರೂ ಆ ಗಾಡಿ ನಂಬರ್ ಒತ್ತಿ ಹಳೆಯದನ್ನು ತೆಗೆದರೆ ಎರಡು ಸಿಗ್ನಲ್ ಜಂಪ್, ಎರಡಕ್ಕೂ ದಂಡ ಕಟ್ಟಿದ್ದಾನೆ ಅಂತಲೇ ಕಾಣುತ್ತೆ. ಯಾವುದನ್ನು "ಕಟ್ಟಲ್ಲ" ಅಂತ ರಂಗಣ್ಣ ಅಷ್ಟು ಹೊತ್ತು ಹಿಡಿದು ನಿಂತನೋ ಅದನ್ನು ಶಿವಲಿಂಗಯ್ಯ ಒಂದೇ ನೋಟಿನಲ್ಲಿ ಕಳೆದರು.

ಮಲೆನಾಡಿಗ

ಇದು ಚೆನ್ನಾಗಿದೆ. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ ತಪ್ಪಾಗೋದು.

ಗಿರಿಜಾ, ಬಸವನಗುಡಿ

ಅಯ್ಯೋ, ಇದು ನನಗೆ ಹೊಳೆದಿರಲೇ ಇಲ್ಲ. ಬ್ಯಾಂಕಿನಲ್ಲಿ ಕ್ಯಾಷ್ ಕಮ್ಮಿ ಬಂದಾಗ ನಾವೇ ಕೈಯಿಂದ ಹಾಕಿ ಸರಿಮಾಡುತ್ತಿದ್ದೆವು. ಆ ಅಭ್ಯಾಸವೇ ಕಥೆಗೂ ಬಂತು ಅನಿಸುತ್ತದೆ. ಹಾಗಾದರೆ ಎ.ಎಸ್.ಐ. ಅಲ್ಲೇ ಕೇಸ್ ಅಳಿಸಿಹಾಕಬಹುದಾ?

ಹಳೇ ಸೀಟಿ

ಇಲ್ಲ. ಕ್ಯಾಮೆರಾ ಕೇಸು ಹುಟ್ಟೋದು ಕಂಟ್ರೋಲ್ ರೂಮ್ ಕಡೆ. ರಸ್ತೆಯಲ್ಲಿ ನಿಂತವರ ಮಿಷನ್ನಿನಲ್ಲಿ ಅದು ಕಾಣುತ್ತೆ, ದುಡ್ಡು ಕಟ್ಟಿಸಿಕೊಳ್ಳಬಹುದು. ಅಳಿಸೋಕೆ ಆಗಲ್ಲ. ಆಗಬಾರದು ಕೂಡ. ಆಗೋ ಹಾಗಿದ್ದರೆ ಬೇಕಾದವರದ್ದೆಲ್ಲಾ ಅಳಿಸಿ ಹೋಗುತ್ತಿತ್ತು, ನಿಮಗೂ ಗೊತ್ತು ನನಗೂ ಗೊತ್ತು.

ಅವರು ಮಾಡಬಹುದಾದ್ದು ಇಷ್ಟು. ಒಂದನ್ನು ಕಟ್ಟಿಸಿಕೊಂಡು ಇನ್ನೊಂದನ್ನು ಬಾಕಿ ಬಿಡೋದು. "ಇದನ್ನು ಕಟ್ಟಬೇಡ" ಅಂತ ಹೇಳಿ ನೋಟಿಸ್ ನಂಬರು, ತಾರೀಖು, ಸಮಯ ಚೀಟಿಯಲ್ಲಿ ಬರೆದುಕೊಡೋದು. ಅವತ್ತು ಆ ಹೊತ್ತಿಗೆ ಆ ಸರ್ಕಲ್‌ನಲ್ಲಿ ಯಾರಿಗೆ ಡ್ಯೂಟಿ ಇತ್ತು ಅಂತ ಠಾಣೆಯಲ್ಲಿ ಬರೆದಿಟ್ಟಿರುತ್ತಾರೆ. ಯಾರು ಅಂತ ಗೊತ್ತಾದರೆ, ಅವರು "ಹೌದು, ನಾನೇ ಬಿಟ್ಟೆ" ಅಂದರೆ ರಂಗಣ್ಣನಿಗೆ ಬಲ ಬರುತ್ತೆ. ಅದಕ್ಕೂ ಒಪ್ಪದಿದ್ದರೆ ಕೋರ್ಟು. ಸ್ಥಳದಲ್ಲೇ ಕಟ್ಟಲೇಬೇಕು ಅಂತ ಯಾರೂ ಬಲವಂತ ಮಾಡೋ ಹಾಗಿಲ್ಲ.

ವಿನಯ್ ಎಸ್.

ಅದನ್ನೇ ನಾನು ಹೇಳಿದ್ದು. ಕಾನೂನು ರಂಗಣ್ಣನ ಕಡೆಗಿದೆ.

ಆಟೋ ಮಂಜ

ಕಾನೂನು ಇದೆ ಸಾರ್, ಟೈಮ್ ಇಲ್ಲ. ಲೆಕ್ಕ ಹೇಳ್ತೀನಿ ಕೇಳಿ.

2025ರ ಆಗಸ್ಟ್‌ನಿಂದ ಬೆಂಗಳೂರಲ್ಲಿ ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಐದು ಕಿಲೋಮೀಟರ್ ಹೋದರೆ 90 ರೂಪಾಯಿ. ಐನೂರು ಅಂದರೆ ಅಂಥ ಐದೂವರೆ ಬಾಡಿಗೆ. ಗ್ಯಾಸು ಕಳೆದರೆ ಇನ್ನೂ ಜಾಸ್ತಿ ಬೇಕು. ಅದು ದಂಡದ ಲೆಕ್ಕ. ಇನ್ನು "ಕಟ್ಟಲ್ಲ" ಅನ್ನೋದರ ಲೆಕ್ಕ. ಬೆಳಗ್ಗೆ ಠಾಣೆಗೆ ಹೋದರೆ ಸಾಹೇಬರು ರೌಂಡ್ಸ್. ಮಧ್ಯಾಹ್ನ ಬಾ ಅಂತಾರೆ. ಮಧ್ಯಾಹ್ನ ಹೋದರೆ ಅರ್ಜಿ ಬರಕೊಂಡು ಬಾ. ಡ್ಯೂಟಿಯಲ್ಲಿದ್ದವರು ಇವತ್ತು ರಜಾ. ಒಂದು ದಿನ ಹೋಯಿತು. ಒಂದು ದಿನದ ದುಡಿಮೆ ಐನೂರಕ್ಕಿಂತ ಜಾಸ್ತಿ ಅಲ್ವಾ? ಬಾಡಿಗೆ ಗಾಡಿ ಆದರೆ ಸಾಯಂಕಾಲ ಮಾಲೀಕನಿಗೆ ಅವತ್ತಿನ ಬಾಡಿಗೆಯನ್ನೂ ಕೈಯಿಂದ ಕೊಡಬೇಕು.

ಹಾಗಾಗಿ ಸರಿ ಇದ್ದವನೂ ಕಟ್ಟುತ್ತಾನೆ. ನಮ್ಮ ಸ್ಟ್ಯಾಂಡಿನ ಆ ಇಬ್ಬರೂ ಕಟ್ಟಿದರು. ಅದರಲ್ಲಿ ಒಬ್ಬ ಸುಮ್ನೆ ಕಾದ. 2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಬಿಟ್ಟರಲ್ಲ, ಆಗ 250 ಕಟ್ಟಿ ಕೈ ತೊಳೆದುಕೊಂಡ. 2025ರಲ್ಲೂ ರಿಯಾಯಿತಿ ಬಂತು. ಅರ್ಧಕ್ಕೆ ಮುಗಿಯುತ್ತೆ ಅಂದರೆ ತಪ್ಪು ಕೇಸಿಗೆ ಯಾರು ಸಾರ್ ಜಗಳ ಆಡ್ತಾರೆ?

ಶಾಂತಾ, ಧಾರವಾಡ

ಮಂಜ ಅವರು ಹೇಳಿದ್ದು ಓದಿ ಸುಮ್ಮನೆ ಕೂತೆ ನೋಡ್ರಿ. ರಿಯಾಯಿತಿ ಬಂದಾಗ ಸಾಲು ಹಚ್ಚಿ ಕಟ್ಟಿದವರನ್ನ ಟಿ.ವಿ.ಯಲ್ಲಿ ನೋಡಿದ್ದೆ. ಅದರೊಳಗ ತಪ್ಪು ಮಾಡದವರೂ ಇದ್ದಾರು ಅಂತ ತಲಿಗೇ ಬಂದಿರಲಿಲ್ಲ.

ಗಿರಿಜಾ ಅವರ, ಕಥಿಯೊಳಗ ರಂಗಣ್ಣ ಯಾಕ ಹಟ ಹಿಡಿದ ಅನ್ನೋದು ಬರಬೇಕ್ರಿ. ಲೆಕ್ಕ ನೋಡಿದರ ಕಟ್ಟೋದೇ ಲಾಭ. ಆದರೂ ಕಟ್ಟಂಗಿಲ್ಲ ಅಂತಾನ. ಅದಕ್ಕ ಏನೋ ಕಾರಣ ಇರಬೇಕಲ್ಲ?

ಹಳೇ ಸೀಟಿ

ಕಾರಣ ಇರಲೇಬೇಕು ಅಂತ ಏನಿಲ್ಲ ತಾಯಿ. ಮೊದಲನೆಯದನ್ನು "ನಂದೇ ತಪ್ಪು" ಅಂತ ಒಪ್ಪಿಕೊಂಡನಲ್ಲ, ಅದೇ ಅವನ ಗುಣ ಹೇಳುತ್ತೆ. ಅಂಥವರನ್ನು ನೋಡಿದ್ದೀನಿ. ಎರಡು ಸಾವಿರ ಅಂದರೂ ಮಾತಾಡದೆ ಕಟ್ಟುತ್ತಾರೆ, ನೂರು ರೂಪಾಯಿಗೆ ಅರ್ಧ ಗಂಟೆ ನಿಲ್ಲುತ್ತಾರೆ.

ಮಂಜ, ನೀನು ಹೇಳಿದ ಠಾಣೆಯ ಕಥೆ ಸುಳ್ಳು ಅನ್ನಲ್ಲ ಕಣಪ್ಪ. ಆದರೆ ನಮ್ಮ ಕಡೆಯದ್ದೂ ಒಂದು ಇದೆ. "ಪೊಲೀಸರೇ ಕೈ ತೋರಿಸಿದರು" ಅಂತ ದಿನಕ್ಕೆ ಹತ್ತು ಜನ ಹೇಳ್ತಾರೆ. ಅದರಲ್ಲಿ ನಿಜ ಯಾರದ್ದು ಅಂತ ನಾನು ಹೇಗೆ ಹೇಳಲಿ? ನಾನು ಕೈ ಬೀಸಿದ್ದು ಮೊದಲ ನಾಲ್ಕು ಗಾಡಿಗೆ. ಹಿಂದೆಯೇ ಇನ್ನೂ ಆರು ನುಗ್ಗುತ್ತವೆ. ಆ ಹತ್ತಕ್ಕೂ ಕೇಸ್ ಬಂದರೆ ಹತ್ತು ಜನವೂ ನನ್ನ ಹೆಸರೇ ಹೇಳ್ತಾರೆ. ರಂಗಣ್ಣ ನಾಲ್ಕರಲ್ಲಿ ಒಬ್ಬನಾ, ಆರರಲ್ಲಿ ಒಬ್ಬನಾ? ಆ ಫೋಟೋದಲ್ಲಿ ತೋಳು ಇದೆ. ಅದು ಕರೆದಿದ್ದು ಅವನನ್ನೇ ಅಂತ ಏನು ಗ್ಯಾರಂಟಿ?

ಆಟೋ ಮಂಜ

ಸಾರ್, ನೀವು ಹೇಳಿದ ಆ ಆರರಲ್ಲಿ ನಾನೂ ಒಂದೆರಡು ಸಲ ಇದ್ದೆ. ಸುಳ್ಳು ಹೇಳಲ್ಲ.

ವಿನಯ್ ಎಸ್.

ಬಾಡಿ ಕ್ಯಾಮೆರಾ ಇರುತ್ತದಲ್ಲ? ಅದರಲ್ಲಿ ಎಲ್ಲವೂ ಗೊತ್ತಾಗುತ್ತದೆ.

ಹಳೇ ಸೀಟಿ

ಎದೆ ಮೇಲಿನ ಕ್ಯಾಮೆರಾ ನಾವು ತಿರುಗಿದ ಕಡೆಗೇ ತಿರುಗುತ್ತೆ ವಿನಯ್ ಅವರೇ. ಆ ಹೊತ್ತಿಗೆ ನಮ್ಮ ಎದೆ ಆಂಬುಲೆನ್ಸ್ ಕಡೆ ಇರುತ್ತೆ, ಕೈ ಮಾತ್ರ ಹಿಂದೆ ಆಟೋ ಕಡೆ. ಸಿಕ್ಕರೆ ಸಿಕ್ಕಿತು.

ಗಿರಿಜಾ, ಬಸವನಗುಡಿ

ರಾತ್ರಿ ಕೂತು ಕೊನೆಯನ್ನು ಮತ್ತೆ ಬರೆದೆ. ವಾಚು ತೆಗೆದೆ, ನಕ್ಷತ್ರ ಒಂದೇ ಮಾಡಿದೆ, ಗಾಡಿ ರಂಗಣ್ಣನದ್ದೇ ಅಂತ ಸೇರಿಸಿದೆ. ಓದಿ.

ಶಿವಲಿಂಗಯ್ಯ ಫೋಟೋವನ್ನು ಇನ್ನಷ್ಟು ಹಿಗ್ಗಿಸಿದರು. ತೋಳು ಚೌಕ ಚೌಕವಾಗಿ ಒಡೆಯಿತು.

"ಕೈ ಇದೆ," ಅಂದರು. "ನಿನ್ನನ್ನೇ ಕರೀತಿದೆ ಅಂತ ಹೇಗೆ ಹೇಳ್ತೀಯ?"

"ಫೋಟೋದಲ್ಲಿ ಇರೋದೆಲ್ಲಾ ನಿಜ ಸಾರ್. ಯಾಕೆ ಬಂದೆ ಅನ್ನೋದು ಮಾತ್ರ ಅದರಲ್ಲಿ ಇಲ್ಲ."

"ಐನೂರಕ್ಕೆ ಎರಡು ದಿನ ಅಲೀತೀಯಾ?"

"ಅಲೀತೀನಿ."

"ಯಾರು ಅಂತ ಗೊತ್ತಾಗದೇ ಇರಬಹುದು. ಗೊತ್ತಾದರೂ ಅವನಿಗೆ ನೆನಪಿರಲ್ಲ."

"ನಂಗೆ ನೆನಪಿದೆ ಸಾರ್."

ಶಿವಲಿಂಗಯ್ಯ ಮಿಷನ್ನಿನಲ್ಲಿ ಮೊದಲನೆಯದನ್ನು ಮಾತ್ರ ಒತ್ತಿದರು. ಒಂದು ರಸೀದಿ ಬಂತು. ಅದರ ಹಿಂದೆ ಪೆನ್ನಿನಲ್ಲಿ ಒಂದು ನಂಬರು, ಒಂದು ತಾರೀಖು, ಬೆಳಗ್ಗೆ 9.40 ಅಂತ ಬರೆದರು. ಕೊಡುವ ಮೊದಲು ಒಂದು ಗಳಿಗೆ ಹಿಡಿದುಕೊಂಡಿದ್ದರು.

"ನಾನು ಬರೆದುಕೊಟ್ಟೆ ಅಂತ ಹೇಳಬೇಡ," ಅಂದರು.

ಮಲೆನಾಡಿಗ

ಆ ಕೊನೆಯ ಮಾತು ಎಲ್ಲಿಂದ ತಂದಿರಿ ಮೇಡಂ! ಶಿವಲಿಂಗಯ್ಯ ಮೊದಲ ಸಲ ಮನುಷ್ಯನ ಹಾಗೆ ಕಂಡರು.

ಹಳೇ ಸೀಟಿ

ನನಗೆ ಆ ಮಾತು ಹಿಡಿಸಲಿಲ್ಲ. ನೋಟಿಸ್ ನಂಬರ್ ಬರೆದುಕೊಡೋದು ಕಳ್ಳ ಕೆಲಸ ಅಲ್ಲ. ಅಂಜುವಂಥದ್ದು ಏನಿದೆ? ಆದರೆ ಹಾಗೆ ಹೇಳುವವರು ಇಲ್ಲ ಅನ್ನೋಕೂ ಆಗಲ್ಲ. ಇರಲಿ ಬಿಡಿ.

ಶಾಂತಾ, ಧಾರವಾಡ

ಅಜ್ಜಿ ಎಲ್ಲಿ ಹೋದರ್ರೀ? ಹೂವಿನ ಮಾತೇ ಇಲ್ಲ ಈ ಸಲ.

ಗಿರಿಜಾ, ಬಸವನಗುಡಿ

ಅಯ್ಯೋ, ಮರೆತೇಬಿಟ್ಟೆ. ಅವರು ಹಿಂದೆಯೇ ಕೂತಿದ್ದಾರೆ.

ಆಟೋ ಮಂಜ

ಮೇಡಂ, ನಂಗೆ ಅದೇ ಪ್ರಶ್ನೆ. ಮೀಟರ್ ಓಡ್ತಾನೇ ಇತ್ತಾ? ಐದು ನಿಮಿಷ ಕಾದರೆ ದುಡ್ಡಿಲ್ಲ, ಆಮೇಲೆ ಕಾಲು ಗಂಟೆಗೆ ಹತ್ತು ರೂಪಾಯಿ ವೇಟಿಂಗ್. ಪೊಲೀಸ್ ಹಿಡಿದಿದ್ದಕ್ಕೆ ಅಜ್ಜಿ ಯಾಕೆ ಕೊಡಬೇಕು ಅನ್ನೋದೂ ಸರಿ. ಮೀಟರ್ ಓಡಿದ್ದನ್ನು ರಂಗಣ್ಣ ಯಾಕೆ ಬಿಡಬೇಕು ಅನ್ನೋದೂ ಸರಿ. ಸ್ಟ್ಯಾಂಡಿನಲ್ಲಿ ಕೇಳಿದರೆ ಅರ್ಧ ಜನ ಇಸ್ಕೋತೀವಿ ಅಂದರು, ಅರ್ಧ ಜನ ಬೇಡ ಅಂದರು. ರಂಗಣ್ಣ ಇಸ್ಕೊಂಡನಾ?